ಸ್ಟೀಲ್ ನೀರಿನ ಬಾಟಲಿಯ ಬುಲೆಟ್ ಪಾಯಿಂಟ್ ಬರೆಯುವುದು ಹೇಗೆ: ಸ್ಪೆಕ್ ಶೀಟ್‌ನಿಂದ ಗಿರಾಕಿಯ ಪ್ರಶ್ನೆಯವರೆಗೆ

ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಬಾಟಲಿ ಕೊಳ್ಳಲು ಬಂದವರನ್ನು ಸ್ವಲ್ಪ ಹೊತ್ತು ಗಮನಿಸಿ. ಮೊದಲು ಕೈಯಲ್ಲಿ ಹಿಡಿದು ತೂಕ ನೋಡುತ್ತಾರೆ. ಮುಚ್ಚಳ ಬಿಚ್ಚಿ ಒಳಗೆ ಇಣುಕುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ. ಬಾಯೊಳಗೆ ಎರಡು ಬೆರಳು ತೂರಿಸಿ ಇದನ್ನು ತೊಳೆಯುವುದು ಹೇಗೆ ಎಂದು ಅಂದಾಜು ಮಾಡುತ್ತಾರೆ. ಆಮೇಲೆ ಅಂಗಡಿಯವರ ಕಡೆ ತಿರುಗಿ ಕೇಳುತ್ತಾರೆ: ‘ಸೋರಲ್ಲ ತಾನೆ? ಎಷ್ಟು ಹೊತ್ತು ಬಿಸಿ ಇರುತ್ತೆ?’

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಈ ಯಾವ ಅವಕಾಶವೂ ಇಲ್ಲ. ಅವರ ಮುಂದಿರುವುದು ನಾಲ್ಕಾರು ಫೋಟೊ ಮತ್ತು ಪಕ್ಕದಲ್ಲಿ ಬುಲೆಟ್ ಪಾಯಿಂಟ್ ಎನ್ನುವ ಐದು ಸಾಲು. ಆ ಐದು ಸಾಲಿನಲ್ಲಿ ಬಹಳಷ್ಟು ಮಾರಾಟಗಾರರು ಸಪ್ಲೈಯರ್ ಕಳಿಸಿದ ಸ್ಪೆಕ್ ಶೀಟನ್ನೇ ಇಳಿಸಿಬಿಡುತ್ತಾರೆ. ಗಿರಾಕಿಯ ಮನಸ್ಸಿನಲ್ಲಿರುವ ಪ್ರಶ್ನೆ ಹಾಗೇ ಉಳಿಯುತ್ತದೆ, ಅವರು ಮುಂದಿನ ಬಾಟಲಿಗೆ ಹೋಗುತ್ತಾರೆ. ಇಲ್ಲವೇ ತಪ್ಪು ತಿಳಿದು ಕೊಂಡು ವಾಪಸ್ ಕಳಿಸುತ್ತಾರೆ. ಮಾರುವವರಿಗೆ ಇದರಲ್ಲಿ ಹೆಚ್ಚು ಪೆಟ್ಟು ಎರಡನೆಯದು.

ಒಂದು ಬಾಟಲಿಯನ್ನೇ ಹಿಡಿದು ಕೆಲಸ ಮಾಡೋಣ. ಸಪ್ಲೈಯರ್ ಕೊಟ್ಟ ಶೀಟ್ ಹೀಗಿದೆ ಎಂದಿಟ್ಟುಕೊಳ್ಳಿ:

750 ಮಿ.ಲೀ.; ಡಬಲ್ ವಾಲ್ ವ್ಯಾಕ್ಯೂಮ್ ಇನ್ಸುಲೇಟೆಡ್; ಎಸ್‌ಎಸ್ 304; ಪಿಪಿ ಪ್ಲಾಸ್ಟಿಕ್ ತಿರುಪು ಮುಚ್ಚಳ, ಸಿಲಿಕೋನ್ ಗ್ಯಾಸ್ಕೆಟ್; ಪೌಡರ್ ಕೋಟಿಂಗ್; ಬಾಯಿಯ ಅಗಲ 45 ಮಿ.ಮೀ.; ತೂಕ 360 ಗ್ರಾಂ; ಎತ್ತರ 27 ಸೆಂ.ಮೀ., ಅಡ್ಡಗಲ 7.3 ಸೆಂ.ಮೀ.; 24 ಗಂಟೆ ಬಿಸಿ ಮತ್ತು ತಂಪು; ಲೀಕ್ ಪ್ರೂಫ್; ಬಿಪಿಎ ಮುಕ್ತ; ಐಎಸ್‌ಐ.

ಮೊದಲು ಪ್ರಶ್ನೆಗಳನ್ನು ಕಲೆಹಾಕಿ

ಬರೆಯಲು ಕೂರುವ ಮುಂಚೆ, ಇದೇ ಅಳತೆಯ, ಇದೇ ಬೆಲೆಯ ಬೇರೆ ಬಾಟಲಿಗಳ ಪುಟಕ್ಕೆ ಹೋಗಿ. ಐದು ಸ್ಟಾರ್ ರಿವ್ಯೂಗಳಲ್ಲಿ ‘ಚೆನ್ನಾಗಿದೆ’ ಎಂಬುದಕ್ಕಿಂತ ಹೆಚ್ಚು ಸಿಗುವುದು ಕಡಿಮೆ. ಒಂದರಿಂದ ಮೂರು ಸ್ಟಾರ್‌ವರೆಗಿನವನ್ನೂ ಪ್ರಶ್ನೋತ್ತರ ವಿಭಾಗವನ್ನೂ ಓದಿ. ಬಾಟಲಿಯ ವಿಷಯದಲ್ಲಿ ದೂರುಗಳು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ: ಹೇಳಿದಷ್ಟು ಹೊತ್ತು ಬಿಸಿ ಇರಲಿಲ್ಲ, ಬ್ಯಾಗಿನಲ್ಲಿ ಸೋರಿತು, ಅಂದುಕೊಂಡದ್ದಕ್ಕಿಂತ ಚಿಕ್ಕದು ಅಥವಾ ಭಾರ, ಮುಚ್ಚಳದಲ್ಲಿ ವಾಸನೆ, ಒಳಗೆ ಬ್ರಷ್ ಹೋಗುವುದಿಲ್ಲ, ಇದು ನಿಜವಾದ ಒಳ್ಳೆಯ ಸ್ಟೀಲ್ ಹೌದೋ ಅಲ್ಲವೋ.

ಇವನ್ನು ಅವರ ಮಾತಿನಲ್ಲೇ ಒಂದು ಹಾಳೆಯ ಎಡಗಡೆ ಬರೆಯಿರಿ. ಬಲಗಡೆ ಸ್ಪೆಕ್ ಶೀಟಿನ ಗುಣಗಳನ್ನು ಬರೆದು ಗೆರೆ ಎಳೆದು ಜೋಡಿಸಿ. ಒಂದು ಪ್ರಶ್ನೆಗೆ ಒಂದೇ ಗುಣ ಉತ್ತರವಾಗುವುದಿಲ್ಲ ಎಂಬುದು ಆಗ ಕಾಣುತ್ತದೆ. ‘ನನ್ನ ಬ್ಯಾಗ್ ಒದ್ದೆಯಾಗುತ್ತದಾ?’ ಎಂಬ ಪ್ರಶ್ನೆ ತಗೊಳ್ಳಿ. ಮುಚ್ಚಳದ ವಾಷರ್, ಅಂದರೆ ಶೀಟಿನಲ್ಲಿರುವ ಗ್ಯಾಸ್ಕೆಟ್, ಅದಕ್ಕೆ ಅರ್ಧ ಉತ್ತರ. ಇನ್ನರ್ಧ ಉತ್ತರ ವ್ಯಾಕ್ಯೂಮ್ ಗೋಡೆಯಲ್ಲಿದೆ. ಒಂದೇ ಪದರದ ಸ್ಟೀಲ್ ಬಾಟಲಿಗೆ ಫ್ರಿಜ್ ನೀರು ತುಂಬಿದರೆ ಹೊರಮೈ ತಣ್ಣಗಾಗಿ ಗಾಳಿಯ ತೇವ ಹನಿಗಟ್ಟುತ್ತದೆ, ನಾವು ಬಾಟಲಿ ‘ಬೆವರುತ್ತದೆ’ ಅನ್ನುತ್ತೇವೆ. ಮಂಗಳೂರು, ಕಾರವಾರದ ಕಡೆಯ ಸೆಕೆಯಲ್ಲಿ ಮಕ್ಕಳ ನೋಟ್‌ಬುಕ್ ಹಾಳಾಗಲು ಅಷ್ಟೇ ಸಾಕು. ಡಬಲ್ ವಾಲ್ ಬಾಟಲಿಯ ಹೊರಮೈಗೆ ಒಳಗಿನ ತಂಪು ತಲುಪುವುದಿಲ್ಲ, ಹಾಗಾಗಿ ಬೆವರುವುದಿಲ್ಲ. ಸ್ಪೆಕ್ ಶೀಟಿನಲ್ಲಿ ಬೇರೆ ಬೇರೆ ಕಡೆ ಇದ್ದ ಎರಡು ಗುಣ ಗಿರಾಕಿಯ ಕಣ್ಣಿನಲ್ಲಿ ಒಂದೇ ವಿಷಯ. ಆದ್ದರಿಂದ ಅವೆರಡೂ ಒಂದೇ ಬುಲೆಟ್‌ಗೆ ಬರಬೇಕು.

ಇದಕ್ಕೆ ತದ್ವಿರುದ್ಧವಾಗಿ, ಯಾವ ಪ್ರಶ್ನೆಗೂ ಸೇರದೆ ಉಳಿಯುವ ಗುಣಗಳೂ ಇರುತ್ತವೆ. ಪೌಡರ್ ಕೋಟಿಂಗ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಬಣ್ಣ ಫೋಟೊದಲ್ಲೇ ಕಾಣುತ್ತದಲ್ಲ! ಅಂಥವು ಕೆಳಗಿನ ವಿವರಣೆಗೆ ಹೋಗಲಿ.

ಬಾಟಲಿಯನ್ನು ಕೈಗೆ ತಗೊಂಡು ಅಳೆಯಿರಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಸಪ್ಲೈಯರ್‌ನ ಶೀಟಿನಲ್ಲಿರುವ ‘24 ಗಂಟೆ ಬಿಸಿ’ಯನ್ನು ನಿಮ್ಮ ಹೆಸರಿನಲ್ಲಿ ಹೇಳಿದರೆ ಅದಕ್ಕೆ ಜವಾಬ್ದಾರರು ನೀವು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಬೇಕಾಗುವುದು ಒಂದು ಅಡುಗೆ ಥರ್ಮಾಮೀಟರ್ ಮತ್ತು ಅಡುಗೆಮನೆಯ ತಕ್ಕಡಿ. ಬಾಟಲಿಗೆ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ. ಆಮೇಲೆ ಕುದಿಯುವ ನೀರನ್ನು ಕತ್ತಿನವರೆಗೆ ತುಂಬಿ, ಉಷ್ಣತೆ ಬರೆದುಕೊಂಡು ಮುಚ್ಚಿ. ಆರು ಗಂಟೆಯಾದ ಮೇಲೆ ಒಮ್ಮೆ ತೆರೆದು ನೋಡಿ. ಹನ್ನೆರಡು ಗಂಟೆಯ ಲೆಕ್ಕ ಬೇಕಿದ್ದರೆ ಇನ್ನೊಂದು ಬಾಟಲಿಯನ್ನು ಬೇರೆಯಾಗಿ ಇಡಿ, ಏಕೆಂದರೆ ಪ್ರತಿ ಸಲ ಮುಚ್ಚಳ ತೆಗೆದಾಗಲೂ ಬಿಸಿ ಹೊರಹೋಗುತ್ತದೆ. ಅರ್ಧ ತುಂಬಿದ ಬಾಟಲಿ ಪೂರ್ತಿ ತುಂಬಿದ್ದಕ್ಕಿಂತ ಬೇಗ ಆರುತ್ತದೆ ಎಂಬುದೂ ನೆನಪಿರಲಿ.

ಕೋಣೆಯ ಉಷ್ಣತೆ 27 ಡಿಗ್ರಿ ಇದ್ದಾಗ 95 ಡಿಗ್ರಿಯ ನೀರು 6 ಗಂಟೆಯ ನಂತರ 72ಕ್ಕೂ, 12 ಗಂಟೆಯ ನಂತರ 58ಕ್ಕೂ ಇಳಿಯಿತು ಎಂದುಕೊಳ್ಳೋಣ. ಇದೇ ವೇಗದಲ್ಲಿ ಮುಂದುವರಿದರೆ 24 ಗಂಟೆಗೆ ನೀರು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದು ಮೈ ಬಿಸಿಗಿಂತ ಒಂದಿಷ್ಟೇ ಹೆಚ್ಚು. ‘24 ಗಂಟೆ ಬಿಸಿ’ ಎಂದು ಓದಿ ಕೊಂಡವರು ಮರುದಿನ ಬೆಳಗ್ಗೆ ಕುಡಿದು ನೋಡಿದರೆ ಅವರಿಗೆ ಸಿಗುವುದು ಉಗುರುಬೆಚ್ಚಗಿನ ನೀರು. ಒಂದು ಸ್ಟಾರ್ ರಿವ್ಯೂ ಹುಟ್ಟುವುದು ಅಲ್ಲೇ. ‘6 ಗಂಟೆ ನಂತರ ಸುಮಾರು 70 ಡಿಗ್ರಿ’ ಎಂದರೆ ಗಂಟೆಯೂ ಉಷ್ಣತೆಯೂ ಎರಡೂ ಹೇಳಿದಂತಾಯಿತು, ಓದಿದವರು ತಾವೇ ಅಳೆದು ನೋಡಿದರೂ ಮಾತು ನಿಲ್ಲುತ್ತದೆ.

ತಂಪಿನ ಗಂಟೆಗಳು ಯಾಕೆ ಯಾವಾಗಲೂ ಹೆಚ್ಚು ಇರುತ್ತವೆ ಎಂದು ಕೆಲವರು ಕೇಳುತ್ತಾರೆ. ಕಾರಣ ಸರಳ. ಕುದಿಯುವ ನೀರಿಗೂ ಕೋಣೆಗೂ ನಡುವೆ ಸುಮಾರು 68 ಡಿಗ್ರಿ ಅಂತರವಿದ್ದರೆ, ಫ್ರಿಜ್‌ನ 5 ಡಿಗ್ರಿ ನೀರಿಗೂ ಕೋಣೆಗೂ 22 ಡಿಗ್ರಿ ಮಾತ್ರ. ಅಂತರ ಕಡಿಮೆಯಾದಷ್ಟೂ ಬಿಸಿ ಒಳನುಗ್ಗುವ ವೇಗ ಕಡಿಮೆ. ಐಸ್ ಹಾಕಿದ್ದರೆ ಅದು ಪೂರ್ತಿ ಕರಗುವವರೆಗೆ ನೀರು ಬೆಚ್ಚಗಾಗುವುದೇ ಇಲ್ಲ. ಹಾಗಾಗಿ ಬಿಸಿಗೂ ತಂಪಿಗೂ ಒಂದೇ ಗಂಟೆ ಬರೆದಿರುವ ಶೀಟನ್ನು ಕಂಡರೆ, ಅಲ್ಲಿ ಯಾರೂ ಅಳೆದಿಲ್ಲ ಎಂದು ಅನುಮಾನಿಸಬಹುದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ತಂಪಿನ ಲೆಕ್ಕವೂ ಕುಗ್ಗುತ್ತದೆ. ನೀವು ಅಳೆದದ್ದು ನೆರಳಿನ ಕೋಣೆಯಲ್ಲಿ ಎಂಬುದನ್ನು ವಿವರಣೆಯಲ್ಲಾದರೂ ಹೇಳಿ.

ಸೋರಿಕೆಗೆ ಇನ್ನೂ ಸುಲಭದ ಪರೀಕ್ಷೆ. ತುಂಬಿದ ಬಾಟಲಿಯನ್ನು ದಿನಪತ್ರಿಕೆಯ ಮೇಲೆ ಅಡ್ಡ ಮಲಗಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಕಾಗದದಲ್ಲಿ ಕಲೆ ಇದ್ದರೆ ‘ಸೋರದು’ ಎಂದು ಬರೆಯುವ ಹಾಗಿಲ್ಲ. ಒಂದೇ ಬಾಟಲಿ ಸಾಲದು, ಒಂದು ಪೆಟ್ಟಿಗೆಯಿಂದ ಮೂರು ನಾಲ್ಕು ತೆಗೆದು ನೋಡಿ. ಸೋರುವುದು ಹೆಚ್ಚಾಗಿ ವಾಷರ್ ಸರಿಯಾಗಿ ಕೂರದೆ, ಅದು ಬಾಟಲಿಯಿಂದ ಬಾಟಲಿಗೆ ಬೇರೆಯಾಗುತ್ತದೆ.

ಸ್ಟೀಲ್ ವಿಷಯಕ್ಕೆ ಬಂದರೆ, 304 ದರ್ಜೆ ಎಂದರೆ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕಲ್ ಇರುವ ಉಕ್ಕು. ಅಗ್ಗದ 201, 202 ದರ್ಜೆಗಳಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ತುಕ್ಕು ತಡೆಯುವ ಶಕ್ತಿ ಅಷ್ಟಕ್ಕೆ ಇಳಿಯುತ್ತದೆ. ಅಯಸ್ಕಾಂತ ಅಂಟದಿದ್ದರೆ 304 ಎಂಬ ನಂಬಿಕೆ ಚಾಲ್ತಿಯಲ್ಲಿದೆ, ಅದನ್ನು ಬುಲೆಟ್‌ನಲ್ಲಿ ಬರೆಯುವವರೂ ಇದ್ದಾರೆ. 201ಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಅಚ್ಚಿನಲ್ಲಿ ಎಳೆದು ರೂಪ ಕೊಟ್ಟ ಜಾಗದಲ್ಲಿ ಅಸಲಿ 304ಕ್ಕೂ ಸ್ವಲ್ಪ ಅಂಟಬಹುದು. ಆದ್ದರಿಂದ ಸಪ್ಲೈಯರ್‌ನಿಂದ ಸ್ಟೀಲ್‌ನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಕುಡಿಯುವ ನೀರಿನ ಸ್ಟೀಲ್ ಬಾಟಲಿಗಳಿಗೂ ಇನ್ಸುಲೇಟೆಡ್ ಫ್ಲಾಸ್ಕ್‌ಗಳಿಗೂ ಐಎಸ್‌ಐ ಗುರುತು ಕಡ್ಡಾಯ ಮಾಡಿ ಕೇಂದ್ರ ಸರ್ಕಾರ 2023ರಲ್ಲಿ ಆದೇಶ ಹೊರಡಿಸಿದೆ. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ, ಅದು ಇದೇ ತಯಾರಕರದ್ದೇ ಎಂದು ನೋಡಿದ ಮೇಲೆಯೇ ಬುಲೆಟ್‌ಗೆ ಸೇರಿಸಿ.

‘ಬಿಪಿಎ ಮುಕ್ತ ಸ್ಟೀಲ್’ ಎಂಬ ಮಾತನ್ನು ತೆಗೆದುಹಾಕಿ. ಬಿಪಿಎ ಎಂಬ ರಾಸಾಯನಿಕ ಬರುವುದು ಕೆಲವು ಬಗೆಯ ಪ್ಲಾಸ್ಟಿಕ್ ಮತ್ತು ಲೇಪನಗಳಲ್ಲಿ, ಬರಿಯ ಸ್ಟೀಲ್‌ನಲ್ಲಿ ಅದರ ಪ್ರಶ್ನೆಯೇ ಇಲ್ಲ. ಹೇಳಲೇಬೇಕೆಂದರೆ ಮುಚ್ಚಳದ ಬಗ್ಗೆ ಹೇಳಿ, ಏಕೆಂದರೆ ಪ್ಲಾಸ್ಟಿಕ್ ಇರುವುದು ಅಲ್ಲಿ.

ಉತ್ತರ, ಕಾರಣ, ಷರತ್ತು: ಈ ಕ್ರಮದಲ್ಲಿ ಬರೆಯಿರಿ

ಸಾಮಾನ್ಯವಾಗಿ ಕಾಣುವ ಒಂದು ಬುಲೆಟ್ ನೋಡಿ:

> ಉತ್ತಮ ಗುಣಮಟ್ಟದ ಪ್ರೀಮಿಯಂ 304 ಫುಡ್ ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್‌ನಿಂದ ತಯಾರಿಸಲಾದ ಈ ಬಾಟಲ್ ಡಬಲ್ ವಾಲ್ ವ್ಯಾಕ್ಯೂಮ್ ತಂತ್ರಜ್ಞಾನ ಹೊಂದಿದ್ದು ನಿಮ್ಮ ಪಾನೀಯಗಳನ್ನು 24 ಗಂಟೆಗಳ ಕಾಲ ಬಿಸಿ ಹಾಗೂ ತಂಪಾಗಿ ಇರಿಸುತ್ತದೆ, ಸೊಗಸಾದ ವಿನ್ಯಾಸ, ಲೀಕ್ ಪ್ರೂಫ್, ಕಚೇರಿ, ಜಿಮ್, ಪ್ರವಾಸಕ್ಕೆ ಸೂಕ್ತ

ಇದರಲ್ಲಿ ಸುಳ್ಳಿಗಿಂತ ದೊಡ್ಡ ತೊಂದರೆ ಗೋಜಲು. ಸ್ಟೀಲ್, ಬಿಸಿ, ಸೋರಿಕೆ, ಅಂದ, ಬಳಕೆ ಎಲ್ಲವೂ ಒಂದೇ ಉಸಿರಿನಲ್ಲಿ ಬಂದಿವೆ. ಮೊಬೈಲ್‌ನಲ್ಲಿ ಬೆರಳು ಸರಿಸುತ್ತಾ ಓದುವವರ ಕಣ್ಣಿಗೆ ಮೊದಲು ಬೀಳುವುದು ‘ಉತ್ತಮ ಗುಣಮಟ್ಟದ ಪ್ರೀಮಿಯಂ’. ಅದು ಎಲ್ಲ ಬಾಟಲಿಯ ಮೇಲೂ ಇರುವ ಮಾತು. ಬೇಕಾದ ಉತ್ತರ ಹದಿನೈದು ಪದ ದಾಟಿದ ಮೇಲೆ ಸಿಗುತ್ತದೆ.

ಇದನ್ನು ಒಡೆದು, ಪ್ರತಿ ಬುಲೆಟ್‌ಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಮೊದಲ ಅರ್ಧದಲ್ಲಿ ಉತ್ತರ, ಕೊಳ್ಳುವವರ ದಿನದ ಭಾಷೆಯಲ್ಲಿ. ಅದರ ಹಿಂದೆ ಕಾರಣವಾದ ಗುಣ. ಕೊನೆಗೆ, ಅಗತ್ಯವಿದ್ದರೆ ಮಾತ್ರ, ಷರತ್ತು. ನಮ್ಮ ಬಾಟಲಿಗೆ ಹೀಗಾಗುತ್ತದೆ:

> ಬೆಳಗ್ಗೆ ತುಂಬಿದ ಬಿಸಿನೀರು ಮಧ್ಯಾಹ್ನದ ಊಟಕ್ಕೂ ಬಿಸಿ: ಡಬಲ್ ವಾಲ್ ವ್ಯಾಕ್ಯೂಮ್, 6 ಗಂಟೆ ನಂತರ ಸುಮಾರು 70 ಡಿಗ್ರಿ (ಪೂರ್ತಿ ತುಂಬಿ, ನಡುವೆ ತೆರೆಯದಿದ್ದರೆ)

> ಬ್ಯಾಗ್, ಪುಸ್ತಕ ಒದ್ದೆಯಾಗದು: ಅಡ್ಡ ಬಿದ್ದರೂ ಸೋರದ ತಿರುಪು ಮುಚ್ಚಳ, ಫ್ರಿಜ್ ನೀರು ತುಂಬಿದರೂ ಹೊರಗೆ ಬೆವರದ ಡಬಲ್ ವಾಲ್, ಸೋಡಾ, ಮಜ್ಜಿಗೆ ತುಂಬಿಡಬೇಡಿ

> ನೀರು ತಾಗುವ ಒಳಮೈಗೆ ಬಣ್ಣವಿಲ್ಲ, ಲೇಪನವಿಲ್ಲ: ಪೂರ್ತಿ 304 ದರ್ಜೆಯ ಸ್ಟೀಲ್, ತಳದಲ್ಲಿ ಐಎಸ್‌ಐ ಗುರುತು ಮತ್ತು ಲೈಸೆನ್ಸ್ ಸಂಖ್ಯೆ

> 750 ಮಿ.ಲೀ., ಅಂದರೆ ಸುಮಾರು ನಾಲ್ಕು ಲೋಟ ನೀರು: ಖಾಲಿ ತೂಕ 360 ಗ್ರಾಂ, ತುಂಬಿದರೆ 1.1 ಕೆಜಿ, ಎತ್ತರ 27 ಸೆಂ.ಮೀ., ಅಡ್ಡಗಲ 7.3 ಸೆಂ.ಮೀ.

> ತೊಳೆಯಲು ಸುಲಭ: 4.5 ಸೆಂ.ಮೀ. ಬಾಯಿಗೆ ಬಾಟಲ್ ಬ್ರಷ್ ಹೋಗುತ್ತದೆ (ಕೈ ಹೋಗದು), ವಾಷರ್ ಬಿಚ್ಚಿ ತೊಳೆಯಬಹುದು. ಫ್ರೀಜರ್, ಮೈಕ್ರೋವೇವ್‌ಗೆ ಬೇಡ

ನಾಲ್ಕನೆಯದರಲ್ಲಿ ತುಂಬಿದ ತೂಕ ಯಾಕೆ ಎಂದರೆ, ಆರು ವರ್ಷದ ಮಗುವಿನ ಶಾಲೆಯ ಬ್ಯಾಗಿಗೆ ಕೊಳ್ಳುವ ತಾಯಿಗೆ 360 ಗ್ರಾಂ ಎಂಬುದು ಹಗುರ ಅನ್ನಿಸಬಹುದು. ಮಗು ಹೊರುವುದು 1.1 ಕೆಜಿ. ಇದನ್ನು ಓದಿ ಅವರು 500 ಮಿ.ಲೀ. ಬಾಟಲಿಯ ಕಡೆ ಹೋದರೆ ಒಳ್ಳೆಯದೇ ಆಯಿತು, ವಾಪಸಾತಿಯ ಖರ್ಚು ಉಳಿಯಿತು. ಅಡ್ಡಗಲ ಹೇಳಿದ್ದು ಕಾರಿನ ಕಪ್ ಹೋಲ್ಡರ್ ಮತ್ತು ಬ್ಯಾಗಿನ ಪಕ್ಕದ ಜೇಬಿಗಾಗಿ. ‘ಎಲ್ಲ ಕಪ್ ಹೋಲ್ಡರ್‌ಗೂ ಹಿಡಿಸುತ್ತದೆ’ ಎಂದು ನಾವು ಹೇಳುವಂತಿಲ್ಲ, ಸಂಖ್ಯೆ ಕೊಟ್ಟರೆ ಅವರೇ ಅಳೆದುಕೊಳ್ಳುತ್ತಾರೆ.

ಷರತ್ತು ಬರೆದರೆ ಮಾರಾಟ ಕುಗ್ಗುತ್ತದೆ ಎಂದು ಹೆದರುವವರಿದ್ದಾರೆ. ಮಜ್ಜಿಗೆಯ ವಿಷಯವನ್ನೇ ನೋಡಿ. ನಮ್ಮಲ್ಲಿ ಬೇಸಿಗೆ ಬಂದರೆ ಬಾಟಲಿಗೆ ಮಜ್ಜಿಗೆ ತುಂಬದ ಮನೆ ಕಡಿಮೆ. ಹೊತ್ತು ಕಳೆದಂತೆ ಅದು ಹುಳಿಬಂದು, ಗಾಳಿ ಹುಟ್ಟಿ, ಬಿಗಿ ಮುಚ್ಚಳದೊಳಗೆ ಒತ್ತಡ ಕಟ್ಟುತ್ತದೆ. ತೆರೆಯುವಾಗ ಚಿಮ್ಮಬಹುದು, ವಾಷರ್‌ಗೆ ವಾಸನೆ ಹಿಡಿಯುತ್ತದೆ. ಎರಡು ಪದದಲ್ಲಿ ಮೊದಲೇ ಹೇಳಿದರೆ ಮುಂದೆ ಬರುವ ದೂರು ತಪ್ಪುತ್ತದೆ.

ಉದ್ದ ಎಷ್ಟಿರಬೇಕು

ಅಮೆಜಾನ್‌ನ ಸಾಮಾನ್ಯ ಸೂಚನೆಯಂತೆ ಒಂದು ಬುಲೆಟ್ 10 ಅಕ್ಷರಕ್ಕಿಂತ ಹೆಚ್ಚು, 255 ಅಕ್ಷರಕ್ಕಿಂತ ಕಡಿಮೆ ಇರಬೇಕು. ಇಮೋಜಿ, ಅಲಂಕಾರದ ಚಿಹ್ನೆ, ಹಣ ವಾಪಸ್ ಭರವಸೆ ಇತ್ಯಾದಿ ಅಲ್ಲಿ ಬೇಡ. ಬೇರೆ ತಾಣಗಳ ಮಿತಿ ಬೇರೆ, ಆದ್ದರಿಂದ ನಿಮ್ಮ ಸೆಲ್ಲರ್ ಖಾತೆಯಲ್ಲಿ ಆಯಾ ವರ್ಗದ ನಿಯಮ ನೋಡಿಕೊಳ್ಳಿ. ಮಿತಿ ಇದೆಯೆಂದು ಅಷ್ಟನ್ನೂ ತುಂಬಬೇಕಿಲ್ಲ. ಕನ್ನಡದಲ್ಲಿ ಬರೆಯುವಾಗ ನನ್ನ ಅಳತೆ ಹದಿನಾಲ್ಕರಿಂದ ಇಪ್ಪತ್ತು ಪದ. ಮೊಬೈಲ್‌ನಲ್ಲಿ ಮೂರು ನಾಲ್ಕು ಸಾಲಿಗೆ ಮುಗಿಯುತ್ತದೆ. ಹತ್ತು ಪದಕ್ಕಿಂತ ಕಡಿಮೆಯಾದರೆ ಕಾರಣವೋ ಷರತ್ತೋ ಬಿಟ್ಟುಹೋಗಿರುತ್ತದೆ. ಇಪ್ಪತ್ತೈದು ದಾಟಿದರೆ ಎರಡನೇ ಪ್ರಶ್ನೆಯೊಂದು ಒಳಗೆ ನುಸುಳಿದೆ ಎಂದರ್ಥ, ಅದನ್ನು ಎತ್ತಿ ಅದರ ಜಾಗಕ್ಕೆ ಹಾಕಿ.

ಕನ್ನಡಕ್ಕೆ ಇಲ್ಲೊಂದು ತೊಡಕಿದೆ. ‘ನೀರು’ ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ನಾಲ್ಕು, ಏಕೆಂದರೆ ದೀರ್ಘ, ಕೊಂಬುಗಳನ್ನು ಅದು ಬೇರೆ ಬೇರೆ ಎಣಿಸುತ್ತದೆ. ಒಂದೊಂದಕ್ಕೂ ಮೂರು ಬೈಟ್ ಹಿಡಿಯುವುದರಿಂದ ಬೈಟ್ ಲೆಕ್ಕದಲ್ಲಿ ಹನ್ನೆರಡು. ಮೇಲಿನ ಮೊದಲ ಬುಲೆಟ್ ಅಕ್ಷರ ಲೆಕ್ಕದಲ್ಲಿ 130ರ ಆಸುಪಾಸಿನಲ್ಲಿದೆ, ಬೈಟ್ ಲೆಕ್ಕ ಹಿಡಿದರೆ 340 ದಾಟುತ್ತದೆ. ತಾಣವೊಂದು ಮಿತಿಯನ್ನು ಬೈಟ್‌ನಲ್ಲಿ ಎಣಿಸುತ್ತಿದ್ದರೆ ಕನ್ನಡದ ಸಾಲು ಅರ್ಧಕ್ಕೇ ತುಂಡಾಗಿ ಬರಬಹುದು. ಬುಲೆಟ್‌ಗಳನ್ನು ಗೂಗಲ್ ಶೀಟ್ಸ್‌ನ ಒಂದು ಕಾಲಂನಲ್ಲಿ ಇಟ್ಟು ಪಕ್ಕದಲ್ಲಿ ಇದನ್ನು ಹಾಕಿದರೆ ಅಕ್ಷರ ಲೆಕ್ಕ ಸಿಗುತ್ತದೆ:

```
=LEN(A2)
```

ಬೈಟ್ ಅಂದಾಜಿಗೆ ಆ ಸಂಖ್ಯೆಯನ್ನು ಮೂರರಿಂದ ಗುಣಿಸಿ. ಜಾಗ ಬಿಟ್ಟದ್ದು, ಅಂಕಿ, ಚಿಹ್ನೆಗಳಿಗೆ ಒಂದೊಂದೇ ಬೈಟ್, ಹಾಗಾಗಿ ನಿಜವಾದ ಲೆಕ್ಕ ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಉದ್ದ ಹೆಚ್ಚಾದರೆ ಕತ್ತರಿಸುವ ಕ್ರಮ ಹೀಗಿರಲಿ: ಮೊದಲು ‘ಪ್ರೀಮಿಯಂ’, ‘ಸೊಗಸಾದ’, ‘ಅತ್ಯುತ್ತಮ’ ಹೋಗಲಿ. ಆಮೇಲೆ ‘ಈ ಬಾಟಲ್’, ‘ಹೊಂದಿದೆ’, ‘ತಯಾರಿಸಲಾಗಿದೆ’. ಆಮೇಲೆ ‘ಕಚೇರಿ, ಜಿಮ್, ಪ್ರವಾಸ’ ಎಂಬ ಪಟ್ಟಿ, ಬಾಟಲಿಯನ್ನು ಎಲ್ಲಿಗೆ ಒಯ್ಯಬೇಕೆಂದು ಗಿರಾಕಿಗೆ ಗೊತ್ತು. ಸಂಖ್ಯೆ ಮತ್ತು ಷರತ್ತನ್ನು ಮಾತ್ರ ಮುಟ್ಟಬೇಡಿ.

ಮೂಲ ಲಿಸ್ಟಿಂಗನ್ನು ಇಂಗ್ಲಿಷ್‌ನಲ್ಲಿ ತುಂಬುವವರಿಗೂ ಇದೇ ಕ್ರಮ ನಡೆಯುತ್ತದೆ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಿಂದ ಕನ್ನಡದಲ್ಲಿ ಓದಲು ಸಿಗುತ್ತಿವೆ. ನಾಲ್ಕು ವಿಷಯ ಹೆಣೆದ ಉದ್ದ ವಾಕ್ಯ ಅನುವಾದದಲ್ಲಿ ಇನ್ನಷ್ಟು ಸಿಕ್ಕಾಗುತ್ತದೆ, ಒಂದೇ ವಿಷಯದ ಚಿಕ್ಕ ಸಾಲು ಬಹುಪಾಲು ಉಳಿದುಕೊಳ್ಳುತ್ತದೆ.

ಯಾವುದು ಮೊದಲು

ಮೊಬೈಲ್‌ನಲ್ಲಿ ಐದನೇ ಬುಲೆಟ್‌ವರೆಗೆ ಎಲ್ಲರೂ ಬರುವುದಿಲ್ಲ. ನೀವು ಕಲೆಹಾಕಿದ ದೂರುಗಳಲ್ಲಿ ಅತಿ ಹೆಚ್ಚು ಸಲ ಬಂದದ್ದು ಯಾವುದೋ ಅದರ ಉತ್ತರ ಮೇಲಿರಲಿ. ವ್ಯಾಕ್ಯೂಮ್ ಬಾಟಲಿಗೆ ಅದು ಬಿಸಿಯ ಗಂಟೆ. ಅದೇ ಒಂದು ಪದರದ ಶಾಲಾ ಬಾಟಲಿಯಾಗಿದ್ದರೆ ಸೋರಿಕೆ ಮತ್ತು ತೂಕ ಮೇಲೇರುತ್ತವೆ. ಆಗ ‘ಬಿಸಿ, ತಂಪು ಹಿಡಿದಿಡುವುದಿಲ್ಲ, ಕುದಿಯುವ ನೀರು ತುಂಬಿದರೆ ಹೊರಮೈ ಸುಡುತ್ತದೆ’ ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು. ಸ್ಟೀಲ್ ಎಂದೊಡನೆ ಥರ್ಮಾಸ್ ಎಂದುಕೊಂಡು ಕೊಳ್ಳುವವರು ಬಹಳ ಮಂದಿ.

ಬರೆದಾದ ಮೇಲೆ, ಈ ಬಾಟಲಿಯನ್ನು ಇನ್ನೂ ನೋಡಿರದ ಮನೆಯವರೊಬ್ಬರ ಕೈಗೆ ಫೋನ್ ಕೊಟ್ಟು ಐದೂ ಸಾಲು ಓದಿಸಿ. ಆಮೇಲೆ ಫೋನ್ ವಾಪಸ್ ತಗೊಂಡು ಕೇಳಿ: ಇದಕ್ಕೆ ಮಜ್ಜಿಗೆ ಹಾಕಬಹುದಾ? ತುಂಬಿದರೆ ಎಷ್ಟು ಭಾರ? ಮಧ್ಯಾಹ್ನ ನೀರು ಎಷ್ಟು ಬಿಸಿ ಇರುತ್ತೆ? ಯಾವ ಪ್ರಶ್ನೆಗೆ ತಡವರಿಸಿದರೋ ಆ ಬುಲೆಟ್‌ನ ಮೊದಲ ಅರ್ಧವನ್ನು ತಿದ್ದಿ.

ಲಿಸ್ಟಿಂಗ್ ಹಾಕಿ ಒಂದಿಷ್ಟು ಆರ್ಡರ್ ಹೋದ ಮೇಲೆ ವಾಪಸಾತಿಯ ಕಾರಣಗಳ ವರದಿ ತೆರೆಯಿರಿ. ‘ವಿವರಣೆಯಂತೆ ಇಲ್ಲ’ ಎಂಬ ಕಾರಣದ ಜೊತೆ ಗಿರಾಕಿ ಬರೆದ ಟಿಪ್ಪಣಿ ಯಾವ ಬುಲೆಟ್‌ಗೆ ಸೇರುತ್ತದೆ ನೋಡಿ, ಆ ಒಂದನ್ನೇ ತಿದ್ದಿ. ಸಪ್ಲೈಯರ್ ಮುಚ್ಚಳವನ್ನೋ ವಾಷರನ್ನೋ ಬದಲಿಸಿದಾಗ, ಸೋರಿಕೆಯ ಪರೀಕ್ಷೆಯನ್ನು ಹೊಸ ಪೆಟ್ಟಿಗೆಯ ಬಾಟಲಿಗಳ ಮೇಲೆ ಮತ್ತೆ ಮಾಡಿ. ಅದು ಮುಗಿಯುವವರೆಗೆ ಎರಡನೇ ಬುಲೆಟ್‌ನಿಂದ ‘ಅಡ್ಡ ಬಿದ್ದರೂ ಸೋರದ’ ಎಂಬ ಮಾತನ್ನು ತೆಗೆದಿಡಿ.